ಮೈಕಣ್ಣ ಬಾಯಿ ಮುಚ್ಚಿಕೊಂಡ ದಿನಗಳು

ಬಸ್ ನಿಲ್ದಾಣದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಚಾಲಕರಿಗೆ, ನಿರ್ವಾಹಕರಿಗೆ, ಸಾಮಾನು ಹೊರುವವರಿಗೆ, ನೆಲ ಗುಡಿಸುವವರಿಗೆ ಎಲ್ಲರಿಗೂ ಅವನು ಮೈಕಣ್ಣ. ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ, ಯಾವುದು ತಡ, ಯಾವುದು ರದ್ದು ಎಂದು ಮೈಕಿನಲ್ಲಿ ಹೇಳುವುದು ಅವನ ಕೆಲಸ. ಕಿಟಕಿಯೊಂದೇ ಇದ್ದ ಸಣ್ಣ ಕೋಣೆಯಲ್ಲಿ ಕೂತು ದಿನವಿಡೀ ಹೇಳುತ್ತಿದ್ದ. ಒಂದು ಸಲ ಎಲ್ಲರಿಗಾಗಿ, ಇನ್ನೊಂದು ಸಲ ಕೇಳಿಸಿಕೊಳ್ಳದವರಿಗಾಗಿ, ಮತ್ತೊಂದು ಸಲ ನಿಧಾನವಾಗಿ, ಮುದುಕರಿಗಾಗಿ. ಹಾಗೆ ಹೇಳು ಎಂದು ಅವನಿಗೆ ಯಾರೂ ಆಜ್ಞೆ ಮಾಡಿರಲಿಲ್ಲ. ತಾನೇ ಕಟ್ಟಿಕೊಂಡ ರೂಢಿ.

ಕರೆಂಟ್ ಹೋದ ದಿನಗಳಲ್ಲಿ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಬರಿಗಂಟಲಲ್ಲೇ ಕೂಗುತ್ತಿದ್ದ. ಕೊನೆಯ ಅಂಕಣದಲ್ಲಿ ನಿಂತವರಿಗೂ ಕೇಳಿಸುತ್ತಿತ್ತು. "ಇವನಿಗೆ ಮೈಕ್ ಕೊಟ್ಟಿರೋದು ಶೋಕಿಗೆ ಕಣ್ರೀ" ಎಂದು ನಿರ್ವಾಹಕರು ನಗುತ್ತಿದ್ದರು. ಮನೆಗೆ ಬಂದ ಮೇಲೂ ಗಂಟಲು ತಗ್ಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು, "ಪ್ರಯಾಣಿಕರ ಗಮನಕ್ಕೆ, ಅಡುಗೆಮನೆಯಿಂದ ಹೊರಡಬೇಕಾದ ಕಾಫಿ ಇನ್ನೂ ಹೊರಟಿಲ್ಲ" ಎನ್ನುತ್ತಿದ್ದ. ಹೊಲಿಗೆ ಯಂತ್ರದ ಮುಂದೆ ಕೂತ ಹೆಂಡತಿ, "ಆ ಬಸ್ಸು ಇವತ್ತು ರದ್ದು ಅಂತ ಹೇಳ್ರೀ" ಎಂದು ಅಲ್ಲಿಂದಲೇ ಉತ್ತರಿಸುತ್ತಿದ್ದಳು.

ಅಂಥವನು ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದವನು ಬಚ್ಚಲಲ್ಲೇ ಕುಸಿದ. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದವು. ಆಸ್ಪತ್ರೆಯಲ್ಲಿ ಕಣ್ಣು ತೆರೆದಾಗ ಹೆಂಡತಿಯನ್ನು ನೋಡಿದ, ಗುರುತು ಹಿಡಿದ, ಏನೋ ಹೇಳಲು ಬಾಯಿ ತೆರೆದ. ಏನೂ ಬರಲಿಲ್ಲ. ಬಾಯಿ ಮುಚ್ಚಿ ಮತ್ತೆ ತೆರೆದ. ಆ ಹೊತ್ತು ಅವನ ಕಣ್ಣಲ್ಲಿ ಕಂಡ ಗಾಬರಿಯನ್ನು ಹೆಂಡತಿ ಆಮೇಲೆ ಯಾರ ಹತ್ತಿರವೂ ಪೂರ್ತಿಯಾಗಿ ಹೇಳಲಿಲ್ಲ.

ಮಾತು ಕಲಿಸುವ ತಜ್ಞೆಯೊಬ್ಬಳು ಆಸ್ಪತ್ರೆಯಲ್ಲಿದ್ದಳು. ಮನೆಯವರು ಅವಳನ್ನು ಮಾತಿನ ಮೇಡಂ ಎಂದೇ ಕರೆದರು. ಅವಳು ಹೆಂಡತಿಯನ್ನೂ ಮಗಳನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದಳು. "ಅವರಿಗೆ ನಾವು ಹೇಳೋದು ಬಹಳ ಮಟ್ಟಿಗೆ ಅರ್ಥ ಆಗತ್ತೆ. ಒಳಗೆ ಮಾತಿದೆ, ಹೊರಗೆ ಬರೋ ದಾರಿ ಕೆಟ್ಟಿದೆ. ದಿನಾ ಪ್ರಯತ್ನ ಪಟ್ರೆ ಬೇರೆ ದಾರಿ ಆಗತ್ತೆ. ಈ ಮೊದಲ ತಿಂಗಳುಗಳು ಬಹಳ ಮುಖ್ಯ. ತಪ್ಪು ಹೇಳಲಿ, ಅರ್ಧ ಹೇಳಲಿ, ಪರವಾಗಿಲ್ಲ. ಬಾಯಿ ಮುಚ್ಕೊಂಡು ಕೂತ್ರೆ ಮಾತ್ರ ಕಷ್ಟ."

ಮನೆಗೆ ಹೋದ ಮೇಲೆ ಅಭ್ಯಾಸಕ್ಕೆಂದು ಅವಳು ತಾನೇ ಮಾಡಿದ ವೀಡಿಯೊ ಪಾಠಗಳನ್ನು ಕೊಟ್ಟಳು. ಪರದೆಯ ತುಂಬ ಅವಳ ಮುಖ. ತುಟಿ, ನಾಲಿಗೆ ಹೇಗೆ ಆಡುತ್ತವೆ ಎಂದು ಚೆನ್ನಾಗಿ ಕಾಣಬೇಕು, ಹಾಗಾಗಿ ಫೋನಿನಲ್ಲಲ್ಲ, ಟಿವಿಯಲ್ಲಿ ನೋಡಿ ಎಂದಳು. ಹೆಂಡತಿಯ ಹತ್ತಿರ ಇದ್ದದ್ದಾದರೂ ಗುಂಡಿ ಒತ್ತುವ ಫೋನು. ಮಗಳ ದೊಡ್ಡ ಫೋನು ಅವಳ ಜೊತೆ ಔಷಧಿ ಅಂಗಡಿಗೆ ಹೋಗುತ್ತಿತ್ತು. ಅವಳು ಅಲ್ಲಿ ಕೌಂಟರಿನಲ್ಲಿ ನಿಂತು ಬೆಳಗಿನಿಂದ ಸಂಜೆಯವರೆಗೆ ಮಾತ್ರೆ ಕೊಡುವವಳು.

ಟಿವಿಗೆ ಚುಚ್ಚುವ ಬೆರಳುದ್ದದ ಒಂದು ಸ್ಟಿಕ್ ಮನೆಯಲ್ಲಿ ಮೊದಲೇ ಇತ್ತು. ಹಳೆಯ ಟಿವಿಗೆ ಅದನ್ನು ಚುಚ್ಚಿದರೆ ಇಂಟರ್ನೆಟ್ಟಿನ ವೀಡಿಯೊಗಳೆಲ್ಲ ಬರುತ್ತಿದ್ದವು. ಟಿವಿ ಇದ್ದದ್ದು ಹಾಲ್‌ನಲ್ಲಿ. ಅದನ್ನು ಮೈಕಣ್ಣನ ಮಂಚದ ಎದುರಿನ ಗೋಡೆಗೆ ತಂದು ಕೂರಿಸಿದವನು ಹೆಂಡತಿಯ ತಮ್ಮ. ಈ ಬಾಮೈದನ ಕೆಲಸವೇ ಅದು. ಅಂಗಡಿಯಿಂದ ಟಿವಿ ಕೊಂಡವರ ಮನೆಗೆ ಹೋಗಿ, ಗೋಡೆಗೆ ತೂತು ಕೊರೆದು, ಟಿವಿ ನಿಲ್ಲಿಸಿ, ಎಲ್ಲ ಹೊಂದಿಸಿಕೊಟ್ಟು ಬರುವವನು. ಅವನಿಗೊಂದು ಹಟ. ತಾನು ಕೂರಿಸಿದ ಟಿವಿಯ ಕೆಳಗೆ ಒಂದು ವೈರೂ ನೇತಾಡಬಾರದು. "ವೈರ್ ಕಂಡ್ರೆ ಕೆಲಸ ಮುಗಿದಿಲ್ಲ ಅಂತ ಅರ್ಥ" ಎನ್ನುತ್ತಿದ್ದ.

ಆ ಕೋಣೆಯಲ್ಲಿ ಇದ್ದದ್ದು ಎರಡೇ ಪ್ಲಗ್ಗು. ಒಂದರಲ್ಲಿ ಗಾಳಿ ಹಾಸಿಗೆಯ ಪಂಪು. ಮಲಗಿದವನ ಬೆನ್ನು ಹುಣ್ಣಾಗದಿರಲೆಂದು ಅದು ಹಗಲೂ ರಾತ್ರಿ ಗುರ್ ಎನ್ನುತ್ತ ಗಾಳಿ ತುಂಬುತ್ತಿರಬೇಕು. ಅದನ್ನು ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಬೇಡಿ, ಯಾರದಾದರೂ ಕಾಲು ತಾಗಿ ಕಳಚಿಬಿಡುತ್ತದೆ, ಗೋಡೆಗೇ ಹಾಕಿ ಎಂದು ಆಸ್ಪತ್ರೆಯ ನರ್ಸು ಖಡಾಖಂಡಿತವಾಗಿ ಹೇಳಿದ್ದಳು. ಇನ್ನೊಂದರಲ್ಲಿ ಟಿವಿ. ಸ್ಟಿಕ್ಕಿನ ಅಡಾಪ್ಟರಿಗೆ ಜಾಗವೇ ಉಳಿಯಲಿಲ್ಲ.

"ಅದ್ಯಾಕಕ್ಕಾ ಅಷ್ಟು ಯೋಚನೆ?" ಎಂದ ಬಾಮೈದ. "ಟಿವಿ ಬೆನ್ನಲ್ಲೇ ಯುಎಸ್‌ಬಿ ತೂತು ಇದೆ. ಸ್ಟಿಕ್ ಅಲ್ಲಿಂದಾನೇ ಕರೆಂಟ್ ತಗೊಳ್ಳತ್ತೆ. ಟಿವಿ ಹಾಕಿದ್ರೆ ಅದೂ ಎದ್ದೇಳತ್ತೆ, ಆರಿಸಿದ್ರೆ ಅದೂ ಮಲಗತ್ತೆ. ಎಷ್ಟೋ ಮನೆಗೆ ಹಿಂಗೇ ಮಾಡಿಕೊಟ್ಟಿದೀನಿ."

ಗೇಣುದ್ದದ ವೈರಿನಿಂದ ಸ್ಟಿಕ್ಕನ್ನು ಟಿವಿಯ ಬೆನ್ನಿಗೇ ಸೇರಿಸಿದ. ಪರದೆಯ ಮೇಲೆ ಚಿತ್ರಗಳ ಸಾಲು ಬಂತು. ಕೆಳಗೆ ಒಂದು ಎಳೆ ವೈರೂ ಕಾಣಲಿಲ್ಲ. ಬೇಡವಾದ ಅಡಾಪ್ಟರನ್ನು ಮಗಳು ಫೋನ್ ಚಾರ್ಜ್ ಮಾಡಲು ಅಂಗಡಿಗೆ ಒಯ್ದಳು.

ಮೊದಲ ಪಾಠಗಳು ಉದ್ದುದ್ದದವು. ತುಟಿ ಚೂಪು ಮಾಡುವುದು, ನಾಲಿಗೆ ಚಾಚುವುದು, ಗಾಳಿ ಊದುವುದು, ಎಲ್ಲ ಒಂದೇ ವೀಡಿಯೊದಲ್ಲಿ. ನಡುವೆ ಯಾವಾಗಲಾದರೂ ಒಮ್ಮೆ ಪರದೆ ಕಪ್ಪಾಗಿ, ಕಂಪನಿಯ ಗುರುತು ಮೂಡಿ, ಸ್ಟಿಕ್ಕು ಮೊದಲಿನಿಂದ ಶುರುವಾಗುತ್ತಿತ್ತು. ನೆಟ್ ಸರಿಯಿಲ್ಲ ಎಂದುಕೊಂಡರು. ಮೈಕಣ್ಣ ಸೋತ ಬಾಯಿಯನ್ನೇ ಸೊಟ್ಟಗೆ ಊದಿ ಊದಿ ಅಭ್ಯಾಸ ಮಾಡಿದ.

ಆಮೇಲೆ ಪದಗಳ ಪಾಠ ಬಂತು. ಇವು ಚಿಕ್ಕ ಚಿಕ್ಕ ವೀಡಿಯೊಗಳು, ಒಂದಕ್ಕೆ ಒಂದೇ ಪದ. ಮೇಡಂ ತುಟಿ ತೋರಿಸಿ "ಮನೆ" ಎನ್ನುತ್ತಾಳೆ. ಆಮೇಲೆ ಸುಮ್ಮನೆ ಕಾಯುತ್ತಾಳೆ, ನೋಡುವವನು ಹೇಳಲಿ ಎಂದು. ಅದು ಮುಗಿಯುತ್ತಲೇ ಮುಂದಿನ ಪದದ ವೀಡಿಯೊ ತಾನಾಗಿ ಬರುತ್ತದೆ.

ಮೊದಲ ದಿನ ಮೈಕಣ್ಣ "ಮ" ಎಂದ. ಅದು ಮಾತೋ ನರಳಾಟವೋ ಗೊತ್ತಾಗದಂತಿತ್ತು, ಆದರೂ ಹೆಂಡತಿ ಹೊಲಿಗೆ ಬಿಟ್ಟು ಓಡಿಬಂದಳು. ಅಷ್ಟರಲ್ಲಿ ಪರದೆ ಕಪ್ಪಾಯಿತು. ಮತ್ತೆ ಎದ್ದುಕೊಳ್ಳಲು ಅದಕ್ಕೆ ಸಾಕಷ್ಟು ಹೊತ್ತು ಬೇಕು. ಅವಳಿಗೆ ರಿಮೋಟಿನಲ್ಲಿ ಪಾಠ ಹುಡುಕಿ ಹಾಕಲು ಇನ್ನಷ್ಟು ಹೊತ್ತು ಬೇಕು. ಹಾಕಿದಳು. "ನೀರು" ಎಂದಳು ಮೇಡಂ. ಮೈಕಣ್ಣ ಎದೆಯಿಂದ ಏನನ್ನೋ ಎಳೆದು ತಂದು "ನೀ" ಎನ್ನುವಷ್ಟರಲ್ಲಿ ಮತ್ತೆ ಕಪ್ಪು. ಕೆಲವು ಸಲ ಮೂರ್ನಾಲ್ಕು ಪದ ಸರಾಗವಾಗಿ ಹೋಗುತ್ತಿದ್ದವು. ಈಗ ಸರಿಹೋಯಿತು ಎಂದುಕೊಳ್ಳುವಾಗ ಹೋಗಿಬಿಡುತ್ತಿತ್ತು. ಹೋಗುವುದು ಮಾತ್ರ ಹೆಚ್ಚಾಗಿ ಒಂದೇ ಹೊತ್ತಿನಲ್ಲಿ. ಅವನು ಬಾಯಿ ತೆರೆದು ಏನಾದರೂ ಅಂದ ಬೆನ್ನಿಗೇ.

ಬಾಮೈದ ಬಂದ. ರೂಟರನ್ನು ಹಾಲ್‌ನಿಂದ ಕೋಣೆಯ ಬಾಗಿಲಿಗೆ ತಂದ. ಸ್ಟಿಕ್ಕು ಬಿಸಿಯಾಗುತ್ತದೆಯೇನೋ ಎಂದು ಟಿವಿಯಿಂದ ಸ್ವಲ್ಪ ದೂರಕ್ಕೆ ಎಳೆದು ಕಟ್ಟಿದ. ಒಳಗಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಹೊಂದಿಸಿದ. ಚಿತ್ರಗಳ ಸಾಲನ್ನೇ ತೆರೆದಿಟ್ಟುಕೊಂಡು ತುಂಬ ಹೊತ್ತು ಕಾದ. ಏನೂ ಆಗಲಿಲ್ಲ. "ನೋಡಕ್ಕಾ, ಕಲ್ಲಿನ ಹಾಗೆ ನಿಂತಿದೆ" ಎಂದು ಹೊರಟುಹೋದ. ಅವನು ಬೀದಿ ದಾಟುವ ಮುಂಚೆ ಪಾಠದ ನಡುವೆ ಪರದೆ ಕಪ್ಪಾಗಿ ಸ್ಟಿಕ್ಕು ಮತ್ತೆ ಬಿತ್ತು. ಇನ್ನೊಮ್ಮೆ ಸ್ಟಿಕ್ಕನ್ನೇ ಕಿತ್ತು ತನ್ನ ಮನೆಗೆ ಒಯ್ದ. ಅಲ್ಲಿ ಮಕ್ಕಳು ದಿನವಿಡೀ ಅದರಲ್ಲಿ ಹಾಡು ಆಟ ನೋಡಿದರು, ಒಂದು ಸಲವೂ ಬೀಳಲಿಲ್ಲ. ವಾಪಸ್ ತಂದು ಹಾಕಿದ.

"ಸ್ಟಿಕ್ಕಲ್ಲಿ ದೋಷ ಇಲ್ಲ. ನಿಮ್ಮನೇಲೇ ಏನೋ ಇದೆ" ಎಂದ.

"ನಮ್ಮನೇಲಿ ಏನೋ ಇದೆಯಾ? ದೆವ್ವಾನಾ?" ಎಂದು ಹೆಂಡತಿ ಸಿಡುಕಿದಳು. "ಲೋ, ನಂಗೆ ಅದೆಲ್ಲ ಬೇಡ. ಇವರು ಮಾತಾಡಬೇಕು. ದಿನ ಓಡ್ತಾ ಇದೆ."

"ಹಾಕಕ್ಕಾ ಪಾಠ, ನನ್ನ ಕಣ್ಣೆದುರೇ ಹಾಕು, ನೋಡೇಬಿಡ್ತೀನಿ."

ಹಾಕಿದಳು. "ಕೈ" ಎಂದಳು ಮೇಡಂ. ಮೈಕಣ್ಣ ದಿಂಬಿನಿಂದ ತಲೆ ಎತ್ತಿ, ಕತ್ತಿನ ನರ ಉಬ್ಬಿಸಿ "ಕ್..." ಎಂದ. ಪರದೆ ಕಪ್ಪಾಯಿತು.

ಬಾಮೈದನಿಗೆ ನಗು ತಡೆಯಲಾಗಲಿಲ್ಲ. "ಭಾವಾ, ನಿಮ್ಮ ಗಂಟಲಿಗೆ ನಿಲ್ದಾಣದ ಹಾರ್ನ್‌ಗಳೇ ತಡ್ಕೊಳ್ತಿರಲಿಲ್ಲ, ಪಾಪ ಈ ಕಡ್ಡಿ ಎಲ್ಲಿ ತಡ್ಕೊಳ್ಳತ್ತೆ! ನೀವು ಬಾಯಿ ಬಿಟ್ರೆ ಸಾಕು, ಹೆದರಿ ಪ್ರಾಣ ಬಿಡತ್ತೆ!"

ಹೆಂಡತಿಯೂ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ನಗು ತಡೆಯದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೈಕಣ್ಣ ನಗಲಿಲ್ಲ. ಕಪ್ಪು ಪರದೆಯನ್ನು ನೋಡಿದ, ಬಾಮೈದನನ್ನು ನೋಡಿದ, ಕೊನೆಗೆ ಹೆಂಡತಿಯನ್ನು ನೋಡಿದ. ತಲೆಯನ್ನು ಮೆಲ್ಲಗೆ ದಿಂಬಿಗೆ ಇಳಿಸಿದ.

ಮರುದಿನ ಅವಳು ಪಾಠ ಹಾಕಿದಳು. ಮೇಡಂ ಮುಖ ಬರುತ್ತಲೇ ಅವನು ಎಡಗೈ ಚಾಚಿ ರಿಮೋಟ್ ಎಳೆದುಕೊಂಡು ಟಿವಿ ಆರಿಸಿದ. ಮತ್ತೆ ಹಾಕಿದಳು, ಮತ್ತೆ ಆರಿಸಿದ. ಅವಳು ಪಾಠ ಹಾಕಿ ರಿಮೋಟನ್ನು ಹೊಲಿಗೆ ಯಂತ್ರದ ಖಾನೆಯಲ್ಲಿ ಬಚ್ಚಿಟ್ಟಳು. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

"ರೀ, ಹೇಳ್ರೀ. ತಪ್ಪಾದ್ರೂ ಹೇಳ್ರೀ. ನಿಮ್ಮ ದಮ್ಮಯ್ಯ."

ಏನೂ ಇಲ್ಲ.

ಅವಳು ಬೇಡಿಕೊಂಡಳು, ಬೈದಳು. "ಊರಿಗೆಲ್ಲ ಕೂಗಿ ಹೇಳ್ತಿದ್ರಿ, ನಮಗೆ ಒಂದು ಪದ ಹೇಳೋಕಾಗಲ್ವಾ?" ಎಂದು ಬಾಯಿಗೆ ಬಂದದ್ದು ಆಡಿ, ಆಡಿದ್ದಕ್ಕೆ ಅಡುಗೆಮನೆಗೆ ಹೋಗಿ ಅತ್ತಳು. ಮಗಳು ಅಂಗಡಿಯಿಂದ ಬಂದು ಅಪ್ಪನ ಪಕ್ಕ ಕೂತು ಮುದ್ದು ಮಾಡಿದಳು. ಅವನು ಅವಳ ತಲೆ ಸವರಿದ, ಬಾಯಿ ತೆರೆಯಲಿಲ್ಲ. ಮೊದಲೆಲ್ಲ ನೀರು ಬೇಕಾದರೆ "ಆ" ಎಂದಾದರೂ ಅನ್ನುತ್ತಿದ್ದವನು ಈಗ ಮಂಚದ ಸರಳನ್ನು ಉಗುರಿನಿಂದ ಬಡಿದು ಕರೆಯತೊಡಗಿದ. ನಿಲ್ದಾಣದಿಂದ ಇಬ್ಬರು ನಿರ್ವಾಹಕರು ನೋಡಲು ಬಂದರು. "ಏನಪ್ಪಾ ಮೈಕಣ್ಣ, ನೀನಿಲ್ಲದೆ ಜನ ದಿಕ್ಕು ದಿಕ್ಕಿಗೆ ಬಸ್ ಹತ್ತುತ್ತಾ ಇದಾರೆ" ಎಂದರು. ಅವನು ಕಣ್ಣು ಮುಚ್ಚಿಕೊಂಡ. ಅವರು ತಂದ ಹಣ್ಣು ಮೂಲೆಯಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಸದ್ದಿಲ್ಲದೆ ಹೋದರು.

ಹೆಂಡತಿ ಮೇಡಂಗೆ ಫೋನ್ ಮಾಡಿದಳು.

"ಬಾಯೇ ಬಿಡ್ತಾ ಇಲ್ಲ ಮೇಡಂ. ಮೊದಲಿದ್ದಷ್ಟೂ ಇಲ್ಲ."

"ಯಾಕಮ್ಮಾ, ಏನಾದ್ರೂ ಬೇಜಾರಾಯ್ತಾ ಅವರಿಗೆ? ಕೆಲವರು ಹೀಗೆ ಕೈ ಚೆಲ್ಲಿಬಿಡ್ತಾರೆ. ಹಾಗೆ ಬಿಟ್ಟೋರನ್ನ ವಾಪಸ್ ಎಳ್ಕೊಂಡು ಬರೋದು ಬಹಳ ಕಷ್ಟ. ಹೇಗಾದ್ರೂ ಮಾಡಿ, ಈಗಲೇ ಮಾಡಿ."

ಹೇಗಾದರೂ ಎಂದರೆ ಹೇಗೆ ಎಂದು ಮೇಡಂ ಹೇಳಲಿಲ್ಲ. ಹೆಂಡತಿ ಫೋನ್ ಇಟ್ಟು, ಅರ್ಧ ಹೊಲಿದ ಬಟ್ಟೆಯ ಮೇಲೆ ತಲೆಯಿಟ್ಟು ಕೂತಳು. ಮಾತು ಬರದಿದ್ದರೆ ಬರಲಿ ಎಂದು ಕಾಯಬಹುದು. ಬೇಡ ಎಂದು ಮುಚ್ಚಿದ ಬಾಯಿಗೆ ಏನು ಮಾಡುವುದು?

ಕಾರಣ ಅವಳಿಗೆ ಗೊತ್ತಾದದ್ದು ಆಮೇಲೆ, ಅಕಸ್ಮಾತ್ತಾಗಿ. ಒಂದು ಮಧ್ಯಾಹ್ನ ಅವಳು ಗೋಡೆಯ ಕಡೆ ತಿರುಗಿದ ಅವನ ಮುಖ ನೋಡಲೆಂದೇ ಮಂಚದ ಆ ಬದಿಗೆ ಹೋಗಿ ಬಗ್ಗಿದಳು. ಟಿವಿಯಲ್ಲಿ ಮೇಡಂ "ಹಾಲು" ಎಂದಳು. ಮೈಕಣ್ಣನ ತುಟಿಗಳು ಅಲುಗಿದವು. ಹೇಳಬೇಕೆಂದು ಅವು ತಾವಾಗಿಯೇ ಅಲುಗಿದ್ದವು. ತಕ್ಷಣ ಅವನು ಎಡಗೈಯನ್ನು ಬಾಯಿಗೆ ಒತ್ತಿ ಹಿಡಿದ, ಮಲಗಿದ ಮಗುವಿನ ಪಕ್ಕದಲ್ಲಿ ಕೆಮ್ಮು ಬಂದವನು ಒತ್ತಿಕೊಳ್ಳುವ ಹಾಗೆ. ಕಣ್ಣುಗಳು ಟಿವಿಯ ಕಡೆ ಹೊರಳಿದವು. ಅಲ್ಲಿ ಭಯವಿತ್ತು.

ಅವಳು ಅವನ ಭುಜ ಹಿಡಿದುಕೊಂಡಳು. "ಅಯ್ಯೋ ರೀ... ನೀವು ಮಾತಾಡಿದ್ರೆ ಅದು ಹೋಗತ್ತೆ ಅಂತಾನಾ?"

ಅವನು ಕಣ್ಣು ಮುಚ್ಚಿದ. ಕಣ್ಣಂಚಿನಿಂದ ನೀರು ದಿಂಬಿಗೆ ಇಳಿಯಿತು. ಅವಳು ಓಡಿಹೋಗಿ ಟಿವಿ ಆರಿಸಿದಳು. ತಾನು ಅಂದು ನಕ್ಕದ್ದು ನೆನಪಾಯಿತು. ಹಾಗೇನಿಲ್ಲ ಎಂದು ಆಣೆ ಮಾಡಿ ಹೇಳಿದಳು. ಆದರೆ ಹಾಗಲ್ಲದಿದ್ದರೆ ಮತ್ತೇನು ಎಂದು ಹೇಳಲು ಅವಳಿಗೂ ಗೊತ್ತಿರಲಿಲ್ಲ. ಅವಳೇ ಎಷ್ಟು ಸಲ ನೋಡಿಲ್ಲ, ಅವನು ಬಾಯಿ ತೆರೆದ ಬೆನ್ನಿಗೇ ಕಪ್ಪಾದದ್ದನ್ನು? ಒಂದು ಕ್ಷಣ ಅವಳಿಗೂ ಅನುಮಾನ ಬಂದು, ಆ ಅನುಮಾನ ತನ್ನ ಮುಖದಲ್ಲಿ ಅವನಿಗೆ ಕಂಡಿತೇನೋ ಎಂದು ಇನ್ನಷ್ಟು ಹೆದರಿದಳು.

ವಾರದ ರಜೆಯ ದಿನ ಮಗಳು ಮನೆಯಲ್ಲಿದ್ದಳು. ಅಮ್ಮ ಎಲ್ಲವನ್ನೂ ಹೇಳಿದಳು. ಊಟವಾಗಿ ಅಪ್ಪನಿಗೆ ನಿದ್ದೆ ಹತ್ತಿದ ಮೇಲೆ ಮಗಳು ಟಿವಿಯ ಸದ್ದು ಪೂರ್ತಿ ತಗ್ಗಿಸಿ, ಪಾಠ ಹಾಕಿ, ಅದರ ಎದುರೇ ನೆಲದ ಮೇಲೆ ಕೂತಳು. ಮೇಡಂ ತುಟಿಗಳು ಸದ್ದಿಲ್ಲದೆ ಆಡಿದವು. ಒಂದು ಪದ, ಇನ್ನೊಂದು ಪದ, ಇನ್ನೂ ಒಂದು. ಹೊಸ ವೀಡಿಯೊ ಶುರುವಾಗುವ ಮುಂಚಿನ ಸುತ್ತುವ ಗುರುತು ಬಂತು, ಪರದೆ ಕಪ್ಪಾಯಿತು.

ಕೋಣೆಯಲ್ಲಿ ಪಂಪಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಕಂಪನಿಯ ಗುರುತು ಮೂಡಿತು. ಅದರ ನಂತರ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬಂದು, ಬೇಗನೆ ಹೋದವು. ಮಗಳು ಓದಿದಳು. ಈ ಯುಎಸ್‌ಬಿಯಿಂದ ಸಾಕಷ್ಟು ವಿದ್ಯುತ್ ಸಿಗುತ್ತಿಲ್ಲ, ಜೊತೆಗೆ ಬಂದ ಅಡಾಪ್ಟರನ್ನು ಬಳಸಿ ಎಂದು ಅದರ ಸಾರಾಂಶ.

"ಅಮ್ಮಾ, ಈ ಬರಹ ಮುಂಚೇನೂ ಬರ್ತಿತ್ತಾ?"

"ಯಾವಾಗ್ಲೂ ಬರತ್ತಲ್ಲೇ. ಕಂಪನಿಯೋರು ನಮಸ್ಕಾರ ಹೇಳ್ತಾರೆ ಅಂದ್ಕೊಂಡಿದ್ದೆ."

ಮಗಳು ಮಾವನಿಗೆ ಫೋನ್ ಮಾಡಿದಳು. "ಮಾವಾ, ಸ್ಟಿಕ್ಕನ್ನ ನಿಮ್ಮನೇಗೆ ತಗೊಂಡು ಹೋಗಿದ್ರಲ್ಲ, ಕರೆಂಟಿಗೆ ಎಲ್ಲಿ ಚುಚ್ಚಿದ್ರಿ?"

"ಎಲ್ಲಿ ಅಂದ್ರೆ, ಗೋಡೆಗೆ. ನನ್ನ ಫೋನ್ ಚಾರ್ಜರಿಗೆ. ನನ್ನ ಟಿವಿ ಬೆನ್ನಿಗೆ ಕೈ ಹೋಗಲ್ಲ ಪುಟ್ಟಿ, ಕಪಾಟು ಅಡ್ಡ..." ಎಂದು ಶುರು ಮಾಡಿದವನು ಅಲ್ಲಿಗೇ ನಿಂತ. ಆಮೇಲೆ, "ಬಂದೆ ಇರು" ಎಂದಷ್ಟೇ ಹೇಳಿದ.

ಬಂದವನು ಯಾರ ಮುಖವನ್ನೂ ನೋಡದೆ ಟಿವಿಯ ಬೆನ್ನಿಗೆ ಫೋನಿನ ಬೆಳಕು ಬಿಟ್ಟ. ಯುಎಸ್‌ಬಿಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಅರ್ಧ ಆಂಪಿಯರ್ ಎಂದಿತ್ತು. ಮಗಳು ಚೀಲದಿಂದ ತೆಗೆದುಕೊಟ್ಟ ಅಡಾಪ್ಟರಿನ ಮೇಲೆ ಒಂದು ಆಂಪಿಯರ್ ಎಂದಿತ್ತು.

"ಇಷ್ಟೇ ಕಣಕ್ಕಾ" ಎಂದ. "ಸುಮ್ನೆ ಕೂತಿದ್ದಾಗ ಸ್ಟಿಕ್ಕಿಗೆ ಜಾಸ್ತಿ ಬೇಡ, ಅದಕ್ಕೇ ನಾನು ನೋಡ್ದಾಗ ನಿಂತಿರ್ತಿತ್ತು. ಹೊಸ ವೀಡಿಯೊ ಬರೋವಾಗ ನೆಟ್ಟಿಂದ ಒಂದೇ ಸಲ ಎಳ್ಕೋಬೇಕು, ಚಿತ್ರಾನೂ ಬಿಡಿಸಬೇಕು. ಆಗ ಈ ತೂತು ಕೊಡೋದು ಸಾಲಲ್ಲ. ವೋಲ್ಟೇಜ್ ಕುಸಿಯತ್ತೆ, ಸ್ಟಿಕ್ ಬಿದ್ದು ಮತ್ತೆ ಏಳತ್ತೆ. ಕೆಲವು ಸಲ ಹಂಗೂ ಹಿಂಗೂ ದಾಟಿಬಿಡತ್ತೆ, ಕೆಲವು ಸಲ ಇಲ್ಲ. ಹೊಸ ಟಿವಿಗಳಲ್ಲಿ ಜಾಸ್ತಿ ಕೊಡೋ ತೂತಿರತ್ತೆ, ಅಲ್ಲೆಲ್ಲ ನಡೀತು. ಇದು ಹಳೇದು."

ಹೆಂಡತಿ ಕೇಳಿದಳು: "ಹಂಗಾದ್ರೆ ಇವರು ಹೇಳಿದ ಬೆನ್ನಿಗೇ ಯಾಕೆ ಹೋಗ್ತಿತ್ತು?"

ಮಗಳು ಉತ್ತರ ಕೊಟ್ಟಳು. "ಮೇಡಂ ಹೇಳ್ತಾರೆ, ಅಪ್ಪ ಹೇಳ್ಲಿ ಅಂತ ಕಾಯ್ತಾರೆ, ಅಪ್ಪ ಹೇಳಿದ ತಕ್ಷಣ ಮುಂದಿನ ವೀಡಿಯೊ ಬರತ್ತೆ. ಬೀಳೋದು ಅಲ್ಲೇ ಅಮ್ಮಾ. ಅಪ್ಪನ ಮಾತಾದ ಮೇಲೆ ಬರೋ ಜಾಗ ಅದು."

ಮೈಕಣ್ಣ ಎಚ್ಚರವಾಗಿ ಇವರನ್ನೇ ನೋಡುತ್ತಿದ್ದ. ಬಾಮೈದ ಮಂಚದ ಹತ್ತಿರ ಹೋಗಿ ಅವನ ಎಡಗೈ ಹಿಡಿದುಕೊಂಡ. "ಭಾವಾ, ತಪ್ಪು ನಂದು. ವೈರ್ ಕಾಣಬಾರದು ಅಂತ ಟಿವಿ ಬೆನ್ನಿಗೆ ಹಾಕಿದ್ದು ನಾನು, ಆ ಹಾಳು ಜೋಕ್ ಮಾಡಿದ್ದೂ ನಾನು. ನಿಮ್ಮ ಮಾತಿಂದ ಅಲ್ಲ ಭಾವಾ, ಕರೆಂಟ್ ಸಾಲದೆ ಬೀಳ್ತಿತ್ತು."

ಮೈಕಣ್ಣ ಕೈ ಬಿಡಿಸಿಕೊಂಡು ಗಾಳಿಯಲ್ಲಿ ಬೀಸಿದ. ಬಿಡು, ಗೊತ್ತು, ಎಂಬಂತೆ. ಮಲಗಿದಾಗಿನಿಂದ ಎಲ್ಲರೂ ಅವನಿಗೆ ಒಳ್ಳೆಯ ಮಾತನ್ನೇ ಹೇಳುತ್ತ ಬಂದಿದ್ದರು. ನಾಳೆ ಎದ್ದು ಓಡಾಡ್ತೀರಿ, ಬರೋ ತಿಂಗಳು ಕೆಲಸಕ್ಕೆ ಹೋಗ್ತೀರಿ. ಇದೂ ಅಂಥದೇ ಇನ್ನೊಂದು.

ಬಾಮೈದ ಹಾಲ್‌ನಿಂದ ಎಕ್ಸ್‌ಟೆನ್ಶನ್ ಬೋರ್ಡ್ ಎಳೆದು ತಂದ. ಪಂಪಿನ ಪ್ಲಗ್ಗನ್ನು ಮುಟ್ಟದೆ, ಟಿವಿಯನ್ನೂ ಅಡಾಪ್ಟರನ್ನೂ ಬೋರ್ಡಿಗೆ ಹಾಕಲು ಸಿದ್ಧ ಮಾಡಿದ. ಸ್ಟಿಕ್ಕಿನ ವೈರನ್ನು ಟಿವಿಯಿಂದ ಕೀಳಲು ಕೈ ಹಾಕಿದಾಗ ಹೆಂಡತಿ ತಡೆದಳು.

"ಬೇಡ, ತಡಿ. ಅದು ಅಲ್ಲೇ ಇರಲಿ."

"ಯಾಕಕ್ಕಾ?"

"ಈಗ ಸರಿ ಮಾಡಿಬಿಟ್ರೆ, ಇವರು ಬಾಯಿ ಮುಚ್ಕೊಂಡಿದ್ದಕ್ಕೇ ಅದು ಸರಿ ಇದೆ ಅಂದ್ಕೋತಾರೆ. ಆಮೇಲೆ ಸತ್ರೂ ಬಾಯಿ ಬಿಡಲ್ಲ. ಯಾರೂ ಮಾತಾಡದೆ ಇರೋವಾಗ ಅದು ಬೀಳೋದನ್ನ ಇವರು ನೋಡಬೇಕು."

ಬಾಮೈದ ವೈರಿನಿಂದ ಕೈ ತೆಗೆದ. ಮಗಳು ಅಪ್ಪನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ಹೆಂಡತಿ ಅವನೆದುರು ನಿಂತು ಹೇಳಿದಳು. "ರೀ, ನಾವು ನಾಲ್ಕೂ ಜನ ಬಾಯಿ ಮುಚ್ಕೊಂಡು ಕೂರೋಣ. ಯಾರೂ ಉಸಿರೂ ಬಿಡೋದು ಬೇಡ. ನೋಡ್ತಾ ಇರಿ."

ಪಾಠ ಶುರುವಾಯಿತು. "ಮನೆ" ಎಂದಳು ಮೇಡಂ. ಕಾದಳು. ಯಾರೂ ಮಾತಾಡಲಿಲ್ಲ. "ನೀರು" ಬಂತು. "ಕೈ" ಬಂತು. "ಹಾಲು" ಬಂತು. ಪ್ರತಿ ಪದದ ಕೊನೆಗೆ ಸುತ್ತುವ ಗುರುತು ಮೂಡಿದಾಗ ಹೆಂಡತಿ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡಿದಳು. ಗುರುತು ಸುತ್ತಿ ಮಾಯವಾಗಿ ಮುಂದಿನ ಮುಖ ಬರುತ್ತಿತ್ತು. "ಬಾಗಿಲು". "ಕಣ್ಣು". ಇಷ್ಟು ದಿನ ಮೂರ್ನಾಲ್ಕು ಪದ ದಾಟಿದರೆ ಹೆಚ್ಚು ಎನ್ನುವಂತಿದ್ದ ಪಾಠ ಇಂದು ಹರಿವ ನೀರಿನಂತೆ ಹೋಗತೊಡಗಿತು. "ಹೂವು". "ಎಲೆ".

ಮೈಕಣ್ಣ ಮೊದಲು ಟಿವಿಯನ್ನೇ ನೋಡುತ್ತಿದ್ದ. ಪದಗಳು ಒಂದರ ಹಿಂದೆ ಒಂದು ಬಂದಂತೆ ಅವನ ಮುಖ ಕುಗ್ಗುತ್ತ ಬಂತು. ಕೊನೆಗೆ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ತಲೆಯಾಡಿಸಿದ. ನೋಡಿದೆಯಾ, ನಾನು ಸುಮ್ಮನಿದ್ದರೆ ಎಷ್ಟು ಚೆನ್ನಾಗಿ ನಡೆಯುತ್ತದೆ.

ಇದ್ದ ಒಂದು ದಾರಿಯನ್ನೂ ತನ್ನ ಕೈಯಾರೆ ಮುಚ್ಚಿದೆನಲ್ಲ ಎಂದು ಹೆಂಡತಿಗೆ ಅನಿಸಿತು. ಬಾಮೈದ ತಡೆಯಲಾರದೆ, "ಇದರ ಮನೆ ಹಾಳಾಗ, ಬೇರೆ ದಿನ ಬೀಳ್ತಿತ್ತಲ್ಲ..." ಎಂದು ಪಿಸುಗುಟ್ಟಲು ಹೋದ. ಅವಳು ಕೈಯೆತ್ತಿ ಅವನ ಬಾಯಿಗೆ ಅಡ್ಡ ಹಿಡಿದಳು. ಈಗ ಯಾರಾದರೂ ಒಂದು ಸದ್ದು ಮಾಡಿ, ಅದೇ ಹೊತ್ತಿಗೆ ಬಿದ್ದರೆ ಮುಗಿಯಿತು. ಬೀಳದೆ ಪಾಠ ಮುಗಿದರೂ ಮುಗಿಯಿತು. ಸರಿಯಿರಲಿ ಎಂದು ಇಷ್ಟು ದಿನ ಬೇಡಿಕೊಂಡ ವಸ್ತುವಿಗೆ ಅವಳು ಈಗ ಹಲ್ಲು ಕಚ್ಚಿ ಒಳಗೊಳಗೇ ಹೇಳುತ್ತಿದ್ದಳು: ಬೀಳು. ಬೀಳು. ಬೀಳು.

"ದಾರಿ" ಎಂದಳು ಮೇಡಂ. ಕಾದಳು. ನಾಲ್ಕು ಬಾಯಿಗಳೂ ಮುಚ್ಚಿದ್ದವು. ಸುತ್ತುವ ಗುರುತು ಮೂಡಿತು, ಅರ್ಧ ಸುತ್ತಿತು. ಪರದೆ ಕಪ್ಪಾಯಿತು.

ಕಂಪನಿಯ ಗುರುತು ಬಂತು, ನಾಲ್ಕು ಸಾಲಿನ ಬರಹ ಬಂದು ಹೋಯಿತು, ಚಿತ್ರಗಳ ಸಾಲು ನಿಂತಿತು. ಮೈಕಣ್ಣ ದಿಂಬಿನಿಂದ ಮುಂದಕ್ಕೆ ಬಾಗಿದ್ದ. ಎಡಗೈಯನ್ನು ನಿಧಾನವಾಗಿ ಎತ್ತಿ ತನ್ನ ತುಟಿಗಳನ್ನು ಮುಟ್ಟಿ ನೋಡಿಕೊಂಡ, ಮುಚ್ಚಿವೆಯೋ ಇಲ್ಲವೋ ಎಂದು. ಮುಚ್ಚಿದ್ದವು. ಹೆಂಡತಿಯ ತುಟಿ ನೋಡಿದ, ಮಗಳದು ನೋಡಿದ. ಬಾಮೈದನನ್ನು ತುಂಬ ಹೊತ್ತು ನೋಡಿದ. ಆಮೇಲೆ ಬೆರಳಿನಿಂದ ಟಿವಿಯ ಕಡೆ ತೋರಿಸಿ ಬೆರಳನ್ನು ಸುತ್ತಿಸಿದ. ಇನ್ನೊಮ್ಮೆ.

ಇನ್ನೊಮ್ಮೆ ಹಾಕಿದರು. ಈ ಸಲ ಮೂರನೆಯ ಪದ ಬರುವ ಮುಂಚೆಯೇ ಬಿತ್ತು. ಅವನ ಗಂಟಲಿನಿಂದ ಒಂದು ಸದ್ದು ಹೊರಟಿತು. ನಗುವೋ ಬಿಕ್ಕೋ ಎಂದು ಯಾರಿಗೂ ತಿಳಿಯಲಿಲ್ಲ. ಮಗಳು ಅಪ್ಪನ ಭುಜಕ್ಕೆ ಮುಖ ಒತ್ತಿದಳು.

ಬಾಮೈದ ಸ್ಟಿಕ್ಕಿನ ವೈರನ್ನು ಟಿವಿಯ ಬೆನ್ನಿನಿಂದ ಕಿತ್ತು, ಉದ್ದದ ವೈರು ಹಾಕಿ ಅಡಾಪ್ಟರಿಗೆ ಸೇರಿಸಿದ. ಬಿಳಿ ವೈರು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ನೇತಾಡಿತು. ಅವನು ಅದನ್ನು ಸರಿಪಡಿಸಲು ಹೋಗಲಿಲ್ಲ.

ಪಾಠ ಮತ್ತೆ ಮೊದಲಿನಿಂದ. "ಮನೆ" ಎಂದಳು ಮೇಡಂ. ಮೈಕಣ್ಣನ ಕೈ ರೂಢಿಯಂತೆ ಬಾಯಿಯ ಕಡೆ ಏರಿತು. ನಡುವೆಯೇ ನಿಂತಿತು. ತೊಡೆಯ ಮೇಲೆ ಇಳಿಯಿತು. ಏನೂ ಹೇಳಲಿಲ್ಲ. ಆ ಪದ ಹೋಯಿತು.

"ನೀರು."

"ನ್..." ಎಂದ. ಎಂದು ತಕ್ಷಣ ಉಸಿರು ಹಿಡಿದು ಪರದೆಯನ್ನು ನೋಡಿದ. ಸುತ್ತುವ ಗುರುತು ಬಂತು, ಹೋಯಿತು. ಮುಂದಿನ ಮುಖ ಬಂತು.

"ಕೈ."

"ಕ್... ಕ..." ಎಂದ, ಮೊದಲಿಗಿಂತ ಜೋರಾಗಿ. ಪರದೆ ನಿಂತಿತ್ತು. ಮುಂದಿನದು ಯಾವ ಪದವೆಂದು ಅವನು ಕೇಳಿಸಿಕೊಳ್ಳಲೇ ಇಲ್ಲ. "ಕಾ!" ಎಂದ. ಎಡಗೈಯಿಂದ ಮಂಚದ ಸರಳು ಹಿಡಿದು, ಕತ್ತು ಚಾಚಿ, ಟಿವಿಯನ್ನು ದುರುಗುಟ್ಟಿ ನೋಡುತ್ತ, ಬೀಳು ನೋಡೋಣ ಎಂಬಂತೆ "ಕಾ! ಕಾ!" ಎಂದು ಕೂಗತೊಡಗಿದ. ಅದು ಪದವಾಗಿರಲಿಲ್ಲ. ಸೊಟ್ಟ ಬಾಯಿಯ ಒಂದು ಬದಿಯಿಂದ ಜೊಲ್ಲು ಇಳಿಯುತ್ತಿತ್ತು. ಬೀದಿಯಲ್ಲಿ ಹೋಗುತ್ತಿದ್ದವರು ಯಾರೋ ನಿಂತು ಕಿಟಕಿಯ ಕಡೆ ನೋಡಿದರು.

"ಅಮ್ಮಾ, ಅಪ್ಪನಿಗೆ ಸುಸ್ತಾಗತ್ತೆ, ಸಾಕು ಅಂತ ಹೇಳಮ್ಮಾ" ಎಂದಳು ಮಗಳು ಗಾಬರಿಯಿಂದ.

ಹೆಂಡತಿ ಸೆರಗಿನಿಂದ ಅವನ ಗಲ್ಲ ಒರೆಸಿದಳು. "ಕೂಗಲಿ ಬಿಡೇ" ಎಂದಳು.